ಎರಡು ಸಾಲಿನ ಚುಟುಕ: ತಿರುವು ಎಲ್ಲಿ ಹುಟ್ಟುತ್ತದೆ?

(ಉಡುಪಿಯಲ್ಲಿ ಹೊಸದಾಗಿ ಬರೆಯುತ್ತಿರುವವರ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ಹಲಗೆಯ ಮೇಲೆ ಬರೆದು ಒರೆಸಿದ ಸಾಲುಗಳನ್ನೂ ಇಲ್ಲಿ ಹಾಗೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಚುಟುಕವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದು ಇನ್ನೂ ಆಗಿಲ್ಲ. ಕಚ್ಚಾ ರೂಪದಲ್ಲಿದೆ. ಇಲ್ಲೇ ಹಲಗೆಯ ಮೇಲೆ ಅದನ್ನು ಒಂದೊಂದು ಪದವಾಗಿ ಬಿಗಿ ಮಾಡುತ್ತಾ ಹೋಗೋಣ. ನಡುವೆ ನಿಮಗೆ ಬೇರೆ ಪದ ಹೊಳೆದರೆ ಕೈ ಎತ್ತಿ ಹೇಳಿ.

ದಿನಕರ ದೇಸಾಯಿಯವರ ಚುಟುಕಗಳಿಗೆ ನಾಲ್ಕು ಸಾಲು ಅಂತ ನಿಮಗೆಲ್ಲ ಗೊತ್ತು. ನಾಲ್ಕು ಸಾಲು ಸಿಕ್ಕಿದರೆ ಮೂರರಲ್ಲಿ ವಿಷಯವನ್ನು ಕಟ್ಟಬಹುದು, ನಾಲ್ಕನೆಯದರಲ್ಲಿ ತಿರುಗಿಸಬಹುದು. ಎರಡೇ ಸಾಲಾದರೆ ಆ ಸೌಕರ್ಯ ಇಲ್ಲ. ಮೊದಲ ಸಾಲೇ ಊರು, ಮನೆ, ಜನ ಎಲ್ಲವನ್ನೂ ತೋರಿಸಿ ಮುಗಿಸಬೇಕು. ಎರಡನೇ ಸಾಲು ಶುರುವಾದ ಕೂಡಲೇ ತಿರುಗಲು ಹೊರಡಬೇಕು. ಹಾಗಾಗಿ ಇಲ್ಲಿ ಒಂದು ಪದ ಜಾಸ್ತಿಯಾದರೂ ಕಿವಿಗೆ ಗೊತ್ತಾಗುತ್ತದೆ.

ತಿರುವು ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಾಲು ಕೇಳಿದವನ ಮನಸ್ಸು ತಾನಾಗಿ ಒಂದು ಕಡೆ ಹೊರಡುತ್ತದೆ. ಎರಡನೇ ಸಾಲು ಅವನನ್ನು ಬೇರೆ ಕಡೆ ತಂದು ನಿಲ್ಲಿಸುತ್ತದೆ. ಆಗ ಅವನು ಮೊದಲ ಸಾಲಿಗೆ ವಾಪಸ್ ಹೋಗಿ ನೋಡಬೇಕು. ನೋಡಿದರೆ ಅಲ್ಲಿ ಮೋಸ ಇರಬಾರದು. "ಇದು ಮೊದಲೇ ಇತ್ತಲ್ವಾ, ನನಗೆ ಕಾಣಲಿಲ್ಲ" ಅನ್ನಿಸಬೇಕು. ಎಲ್ಲಿಂದಲೋ ಹೊಸ ವಿಷಯ ತಂದು ಎರಡನೇ ಸಾಲಿನಲ್ಲಿ ಹಾಕಿದರೆ ಕೇಳಿದವನು ಬೆಚ್ಚಬಹುದು, ಆದರೆ ಅದನ್ನು ತಿರುವು ಅನ್ನಲಾಗದು.

ಈಗ ವಿಷಯಕ್ಕೆ ಬರೋಣ. ನಮ್ಮ ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳಲ್ಲಿ ಯಾವ ಒಳದಾರಿಗೆ ಹೋದರೂ ಕಾಣುವ ಒಂದು ಮನೆ ಇದೆ. ಮುಂಬೈಯ ಹೋಟೆಲ್‌ನಲ್ಲಿ ದುಡಿದೋ, ಗಲ್ಫಿಗೆ ಹೋಗಿಯೋ ಕಟ್ಟಿಸಿದ ಮನೆ. ಮೂರು ನಾಲ್ಕು ಮಕ್ಕಳು ಮದುವೆಯಾಗಿ, ಅವರ ಮಕ್ಕಳ ಸಮೇತ ಬಂದರೂ ಸಾಕಾಗಲಿ ಅಂತ ಲೆಕ್ಕ ಹಾಕಿ ಕಟ್ಟಿಸಿದ್ದು. ಈಗ ಅಲ್ಲಿ ವಯಸ್ಸಾದ ಒಬ್ಬರೇ ಇದ್ದಾರೆ. ಮಕ್ಕಳು ಎಲ್ಲೆಲ್ಲೋ ಇದ್ದಾರೆ. ಇದರ ಬಗ್ಗೆ ಬರೆಯಬೇಕು ಅಂತ ಕೂತರೆ ಕೈಗೆ ಮೊದಲು ಬರುವುದು ಹೀಗಿರುತ್ತದೆ:

ಮಕ್ಕಳೆಲ್ಲ ಒಟ್ಟಿಗೆ ಇರಲೆಂದು ಆಸೆಯಿಂದ ಕಟ್ಟಿಸಿದ ದೊಡ್ಡ ಮನೆ,
ಈಗ ಅವರೆಲ್ಲ ಪರದೇಶದಲ್ಲಿ, ಒಳಗೆ ಪಾಪ ಅಮ್ಮ ಒಬ್ಬಳೇ ಸುಮ್ಮನೆ.

ಕೆಟ್ಟದಾಗೇನೂ ಇಲ್ಲ. ವಿಷಯ ನಿಜ, ಪ್ರಾಸವೂ ಕೂತಿದೆ. ಆದರೆ ಇದನ್ನು ಓದಿದವರು "ಹೌದು, ಪಾಪ" ಅಂದು ಮುಂದೆ ಹೋಗುತ್ತಾರೆ. ಯಾಕೆ ಹಾಗಾಗುತ್ತದೆ ಅಂತ ಪದ ಪದವಾಗಿ ನೋಡೋಣ.

"ಆಸೆಯಿಂದ" ಬೇಕಾ? ಮಕ್ಕಳಿಗಾಗಿ ಮನೆ ಕಟ್ಟಿಸುವವರು ಆಸೆಯಿಂದಲೇ ಕಟ್ಟಿಸುತ್ತಾರೆ. ಅದು ಹೇಳದೆಯೂ ಗೊತ್ತಾಗುವ ಮಾತು. "ದೊಡ್ಡ" ಅಂದರೆ ಎಷ್ಟು ದೊಡ್ಡದು? ನಿಮ್ಮ ಕಣ್ಣಿಗೆ ಒಂದು ಕಾಣುತ್ತದೆ, ನನ್ನ ಕಣ್ಣಿಗೆ ಒಂದು. "ಈಗ" ಅನ್ನುವ ಪದ ಇನ್ನೂ ತೊಂದರೆಯದು. ಎರಡನೇ ಸಾಲು "ಈಗ" ಅಂತ ಶುರುವಾದರೆ, ಅಂದು ಹಾಗಿತ್ತು ಇಂದು ಹೀಗಿದೆ ಅನ್ನುವ ಹಳೇ ದಾರಿ ಕೇಳುವವನಿಗೆ ಮೊದಲೇ ಕಂಡುಬಿಡುತ್ತದೆ. ತಿರುವಿನ ಮುಂಚೆಯೇ ಬೋರ್ಡ್ ಹಾಕಿದ ಹಾಗೆ. "ಪಾಪ" ಅನ್ನುವುದು ಓದುಗನ ಮಾತು. ಅದನ್ನು ನಾವೇ ಹೇಳಿಬಿಟ್ಟರೆ ಅವನಿಗೆ ಹೇಳಲು ಏನು ಉಳಿಯಿತು? ಕೊನೆಯ "ಸುಮ್ಮನೆ" ಬಂದದ್ದು "ಮನೆ"ಗೆ ಪ್ರಾಸ ಸಿಗಲಿ ಅಂತ ಮಾತ್ರ. ಅಮ್ಮ ಸುಮ್ಮನೆ ಇದ್ದಾಳೆ ಅನ್ನುವುದಕ್ಕೆ ಈ ಚುಟುಕದಲ್ಲಿ ಕೆಲಸವೇ ಇಲ್ಲ.

ಇಷ್ಟನ್ನೂ ತೆಗೆದುಹಾಕಬಹುದು. ಆದರೆ ಸುಮ್ನೆ ಪದ ತೆಗೆದರೆ ಇದು ಚುಟುಕ ಆಗುವುದಿಲ್ಲ. ದೊಡ್ಡ ತೊಂದರೆ ಬೇರೆ ಕಡೆ ಇದೆ. ಎರಡನೇ ಸಾಲು ಮೊದಲ ಸಾಲಿನ ಮುಂದುವರಿಕೆ ಅಷ್ಟೇ. ಮನೆ ಕಟ್ಟಿಸಿದರು, ಮಕ್ಕಳು ಹೋದರು, ಅಮ್ಮ ಉಳಿದಳು. ಕತೆ ಒಂದೇ ದಾರಿಯಲ್ಲಿ ನೆಟ್ಟಗೆ ನಡೆದಿದೆ. ಎಲ್ಲೂ ತಿರುಗಿಲ್ಲ. ಇಂಥ ಹೊತ್ತಲ್ಲಿ ಪದ ಹುಡುಕುತ್ತಾ ಕೂರುವುದು ವ್ಯರ್ಥ. ಮತ್ತೆ ಆ ಮನೆಗೇ ಹೋಗಿ ಕಣ್ಣಿಟ್ಟು ನೋಡಬೇಕು.

ಏನೇನಿದೆ ಅಲ್ಲಿ? ಅಂಗಳದಲ್ಲಿ ಮಳೆಗೆ ಕಟ್ಟಿದ ಪಾಚಿ. ಚಾವಡಿಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಒಂದರಲ್ಲಿ ಮಾತ್ರ ಕೂತ ಗುರುತು. ಗೋಡೆಯಲ್ಲಿ ಮದುವೆ ಫೋಟೋಗಳು. ಮಹಡಿ ಮೆಟ್ಟಿಲ ಹತ್ತಿರ ಮೊಳೆಗೆ ತೂಗು ಹಾಕಿದ ಕೀಲಿಕೈ ಗೊಂಚಲು. ಬಾಗಿಲು ಬಾಗಿಲಿಗೂ ಬೀಗ, ಯಾಕೆಂದರೆ ಗುಡಿಸಿ ಒರೆಸಲು ಅಮ್ಮನ ಕೈಲಿ ಆಗುವುದಿಲ್ಲ. ಅಮ್ಮ ಮಲಗುವುದು ಅಡುಗೆಮನೆ ಪಕ್ಕದ ಕೋಣೆಯಲ್ಲಿ.

ಇಲ್ಲಿ ಒಬ್ಬರು ಕೈ ಎತ್ತಿ ಪಾಚಿಯೇ ಚೆಂದ ಅಂದರು. ಚೆಂದ ಹೌದು. ಪಾಚಿ ಕಟ್ಟಿದ ಅಂಗಳದ ಮೇಲೆ ಒಂದು ಒಳ್ಳೆಯ ಕವಿತೆ ಬರೆಯಬಹುದು. ಆದರೆ ಪಾಚಿ ಒಂದು ಚಿತ್ರ. ಚಿತ್ರ ನಿಂತಲ್ಲೇ ನಿಲ್ಲುತ್ತದೆ. ತಿರುವಿಗೆ ಬೇಕಾದದ್ದು ಎರಡು ಮುಖ ಇರುವ ವಸ್ತು. ಬೀಗಕ್ಕೆ ಎರಡು ಮುಖ ಇದೆ. ಬೆಲೆಬಾಳುವುದನ್ನು ಕಾಯಲು ಬೀಗ ಹಾಕುತ್ತೇವೆ, ಯಾರಿಗೂ ಬೇಡವಾದ ಕೋಣೆಗೂ ಬೀಗ ಹಾಕುತ್ತೇವೆ. ಜೊತೆಗೆ ಬೀಗವನ್ನು ಎಣಿಸಬಹುದು. ಎಣಿಸಲು ಆಗುವ ವಸ್ತು ಸಿಕ್ಕಿದರೆ ಎರಡು ಸಾಲಿನ ಚುಟುಕದಲ್ಲಿ ಅರ್ಧ ಕೆಲಸ ಆದ ಹಾಗೆಯೇ. "ದೊಡ್ಡ" ಹೋಗಿ ಅಲ್ಲಿ ಸಂಖ್ಯೆ ಬರುತ್ತದೆ. "ಪರದೇಶದಲ್ಲಿ" ಅಂತ ಹೇಳಬೇಕಾಗಿಲ್ಲ, ಬೀಗವೇ ಹೇಳುತ್ತದೆ.

ಹಾಗೆ ಬಂದ ಎರಡನೇ ರೂಪ:

ಮಕ್ಕಳೆಲ್ಲ ಒಟ್ಟಿಗಿರಲೆಂದು ಎಂಟು ಕೋಣೆಯ ಮನೆ ಕಟ್ಟಿಸಿದರು,
ಏಳು ಕೋಣೆಗೆ ಬೀಗ ಬಿತ್ತು, ಒಂದು ಕೋಣೆಯಲ್ಲಿ ಅಮ್ಮ ಉಳಿದರು.

ಈಗ ತಿರುವಿನ ವಾಸನೆ ಬಂತು. ಆದರೆ ಕೊನೆಯ ಪದ ನೋಡಿ. ಕಟ್ಟಿಸಿದರು, ಉಳಿದರು. ಕನ್ನಡದಲ್ಲಿ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಕ್ರಿಯಾಪದಗಳ ಬಾಲ ಎಲ್ಲ ಒಂದೇ. ಬಂದರು, ಹೋದರು, ತಿಂದರು, ಮಲಗಿದರು. ಈ ಪ್ರಾಸಕ್ಕೆ ನಾವು ಏನೂ ಬೆವರು ಸುರಿಸಿಲ್ಲ, ಭಾಷೆ ಬಿಟ್ಟಿಯಾಗಿ ಕೊಟ್ಟದ್ದು. ಕಿವಿಗೂ ಅದು ಗೊತ್ತು. ಹಾಗಾಗಿ ಅದಕ್ಕೆ ಬೆಲೆ ಕೊಡುವುದಿಲ್ಲ. ಪ್ರಾಸ ಇರಲೇಬೇಕು ಅಂತೇನೂ ಇಲ್ಲ. ನಮ್ಮದೇ ಕರಾವಳಿಯ ಮಂಜೇಶ್ವರದ ಗೋವಿಂದ ಪೈಗಳು, ಶತಮಾನಗಳಿಂದ ಕಡ್ಡಾಯವಾಗಿದ್ದ ಎರಡನೇ ಅಕ್ಷರದ ಪ್ರಾಸವನ್ನೇ ಬಿಟ್ಟು ಬರೆದವರು. ಆದರೆ ಅಂತ್ಯಪ್ರಾಸ ಇಡುವುದಾದರೆ ಅದು ಕ್ರಿಯಾಪದದ ಬಾಲದ ಪ್ರಾಸ ಆಗದಿರಲಿ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಚುಟುಕದಲ್ಲಿ ಅತಿ ಹೆಚ್ಚು ಬೆಲೆಯ ಜಾಗ ಎರಡನೇ ಸಾಲಿನ ಕೊನೆ. ಆ ಜಾಗವನ್ನು "ಉಳಿದರು" ಹಿಡಿದುಕೊಂಡಿದೆ. ಪಂಚ್ ಇರುವುದು "ಅಮ್ಮ"ನಲ್ಲಿ. ಅದಾದ ಮೇಲೂ ಸಾಲು ಎಳೆಯುತ್ತಾ ಹೋಗಿ ತಣ್ಣಗಾಗಿದೆ. ಇದಕ್ಕೆ ಕನ್ನಡದಲ್ಲೇ ಮದ್ದಿದೆ. ನಾವು ಕ್ರಿಯಾಪದ ಇಲ್ಲದೆಯೂ ವಾಕ್ಯ ಮಾಡಬಹುದು. "ಇದು ನಮ್ಮ ಮನೆ" ಅಂದರೆ ಪೂರ್ತಿ ವಾಕ್ಯ. "ಕೈ ಕೆಸರಾದರೆ ಬಾಯಿ ಮೊಸರು" ಅನ್ನುವ ಗಾದೆಯ ಕೊನೆಯಲ್ಲಿ ಕ್ರಿಯಾಪದ ಇದೆಯಾ? ಇಲ್ಲ. "ಮೊಸರು" ಅಂದಲ್ಲಿಗೆ ಮುಗಿಯಿತು. ಗಾದೆಗಳು ಇಷ್ಟು ಕಾಲ ಬಾಯಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಹಾಗಾಗಿ "ಬಿತ್ತು" ಹೋಯಿತು, "ಉಳಿದರು" ಹೋಯಿತು. ಇನ್ನು "ಕೋಣೆ" ಮೂರು ಸಲ ಬಂದಿದೆ. ಮೊದಲ ಸಾಲಿನಲ್ಲಿ ಒಮ್ಮೆ ಬಂದರೆ ಸಾಕು. ಎರಡನೇ ಸಾಲಿನಲ್ಲಿ ಸಂಖ್ಯೆಗೆ ವಿಭಕ್ತಿ ಅಂಟಿಸಿದರೆ ಕೋಣೆ ತಾನಾಗಿ ಒಳಗೆ ಕೂರುತ್ತದೆ. "ಏಳು ಕೋಣೆಗೆ" ಅನ್ನುವುದು "ಏಳಕ್ಕೆ" ಆಗುತ್ತದೆ. "ಒಂದು ಕೋಣೆಯಲ್ಲಿ" ಅನ್ನುವುದು "ಒಂದರಲ್ಲಿ" ಆಗುತ್ತದೆ.

ಏಳಕ್ಕೆ ಬೀಗ, ಒಂದರಲ್ಲಿ ಅಮ್ಮ.

ನಾಲ್ಕು ಪದ. ಇಲ್ಲಿಗೆ ಬಂದಾಗ ಹೆಚ್ಚಿನವರು ಪೆನ್ನು ಕೆಳಗಿಡುತ್ತಾರೆ. ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಚುಟುಕದ ನಿಜವಾದ ತಿರುವು ಇನ್ನೂ ಬಂದಿಲ್ಲ. ಅದು ಒಂದು ಪ್ರತ್ಯಯದಲ್ಲಿ ಅಡಗಿದೆ.

ಸಾಲನ್ನು ಜೋರಾಗಿ ಓದಿ. "ಏಳಕ್ಕೆ" ಅಂದಾಗ ಒಂದು ಅಚ್ಚು ಹುಟ್ಟಿತು. ಸಂಖ್ಯೆ, ಅದಕ್ಕೊಂದು "ಕ್ಕೆ", ಆಮೇಲೆ ಒಂದು ವಸ್ತು. ಕಿವಿ ಮುಂದೆಯೂ ಅದೇ ಅಚ್ಚನ್ನು ಕಾಯುತ್ತದೆ. "ಊಟ ಬಲ್ಲವನಿಗೆ ರೋಗವಿಲ್ಲ" ಅಂದ ಕೂಡಲೇ "ಮಾತು ಬಲ್ಲವನಿಗೆ" ಅಂತ ಬಾಯಿ ತಾನಾಗಿ ಮುಂದುವರಿಯುತ್ತದಲ್ಲ, ಹಾಗೆ. "ಒಂದರಲ್ಲಿ" ಅಂದಾಗ ಅಚ್ಚು ಮುರಿಯಿತು. ಬೀಗದ್ದು ಒಂದು ಮಾತು, ಅಮ್ಮನದು ಇನ್ನೊಂದು ಮಾತು ಅಂತ ಬೇರೆಯಾಯಿತು. ವ್ಯಾಕರಣದ ಪ್ರಕಾರ ಅದು ಸರಿಯೇ. ಬೀಗ ಕೋಣೆಗೆ ಇರುತ್ತದೆ, ಮನುಷ್ಯರು ಕೋಣೆಯಲ್ಲಿ ಇರುತ್ತಾರೆ.

ಆ ಸರಿಯನ್ನು ಬಿಟ್ಟುಕೊಟ್ಟು ನೋಡೋಣ.

ಏಳಕ್ಕೆ ಬೀಗ, ಒಂದಕ್ಕೆ ಅಮ್ಮ.

ಸಭೆಯಲ್ಲಿ ಒಂದು ಕ್ಷಣ ಮಾತಿಲ್ಲ. ನಿಮಗೂ ಕೇಳಿಸಿತು ಅಲ್ವಾ? "ರಲ್ಲಿ" ಹೋಗಿ "ಕ್ಕೆ" ಬಂದದ್ದಷ್ಟೇ. ಆದರೆ ಅಮ್ಮ ಈಗ ಕೋಣೆಯಲ್ಲಿ ವಾಸ ಮಾಡುವವಳಲ್ಲ. ಬೀಗ ಇರಬೇಕಾದ ಜಾಗದಲ್ಲಿ ಅಮ್ಮ ಇದ್ದಾಳೆ. ಅವಳೂ ಒಂದು ಬೀಗ. ಮನೆ ಕಾಯಲು ಬಿಟ್ಟುಹೋದ ಎಂಟನೇ ಬೀಗ. ಇದನ್ನು ನಾವು ಎಲ್ಲೂ ಹೇಳಿಲ್ಲ. "ಅಮ್ಮ ಬೀಗದ ಹಾಗೆ" ಅಂತ ಹೋಲಿಸಿಲ್ಲ. ಒಂದೇ ಪ್ರತ್ಯಯವನ್ನು ಎರಡು ಕಡೆ ಇಟ್ಟೆವು, ಹೋಲಿಕೆಯನ್ನು ಕೇಳಿದವನೇ ಮಾಡಿಕೊಂಡ. ತಾನೇ ಮಾಡಿಕೊಂಡದ್ದನ್ನು ಅವನು ಅಷ್ಟು ಬೇಗ ಮರೆಯುವುದಿಲ್ಲ.

ಹೊಸಬರು ಬಿಗಿ ಮಾಡುವಾಗ ನಾಮಪದ, ವಿಶೇಷಣ ಇವನ್ನೇ ತಿದ್ದುತ್ತಾ ಇರುತ್ತಾರೆ. "ಅಮ್ಮ"ನ ಬದಲು "ತಾಯಿ" ಹಾಕಲಾ, "ಬೀಗ"ದ ಮುಂದೆ "ತುಕ್ಕು" ಹಾಕಲಾ ಅಂತ. ಕನ್ನಡದಲ್ಲಿ ಪದದ ಬಾಲದಲ್ಲಿ ತುಂಬಾ ಕೆಲಸ ನಡೆಯುತ್ತದೆ. ಗೆ, ಇಂದ, ಅಲ್ಲಿ, ಊ, ಏ. ಇವನ್ನು ಒಂದೊಂದಾಗಿ ಬದಲಿಸಿ ಓದಿ ನೋಡಿ. "ಅಮ್ಮ" ಅನ್ನುವುದನ್ನು "ಅಮ್ಮನೇ" ಮಾಡಿದರೆ ಏನಾಗುತ್ತದೆ? "ಒಂದಕ್ಕೆ ಅಮ್ಮನೇ". ತಕ್ಷಣ ಬರೆದವನ ಬೆರಳು ಕಾಣುತ್ತದೆ, "ನೋಡಿ ನೋಡಿ" ಅಂತ ತೋರಿಸಿದ ಹಾಗೆ. ಒಂದು ಏಕಾರ ಇಡೀ ಚುಟುಕವನ್ನು ಕೆಡಿಸಬಲ್ಲದು.

ಈಗ ಕೊನೆಯ ಪದ. "ಒಂದಕ್ಕೆ ಅಮ್ಮ" ಅಂತಲೇ ನಿಲ್ಲಿಸಬಹುದು. ಪಂಚ್ ಕೊನೆಯಲ್ಲೇ ಬೀಳುತ್ತದೆ. ಆದರೆ ಮೊದಲ ಸಾಲು "ಎಂಟು" ಅಂತ ಮುಗಿದರೆ ಪ್ರಾಸಕ್ಕೆ ಒಂದು ಪದ ಕೇಳುತ್ತದೆ. ಎಂಟು ಅಂದ ಕೂಡಲೇ ಸಾಲಾಗಿ ಬರುವ ಪದಗಳು ನಿಮಗೆ ಗೊತ್ತು: ನಂಟು, ಗಂಟು, ಅಂಟು. "ಒಂದಕ್ಕೆ ಅಮ್ಮನ ನಂಟು" ಅಂತ ಬರೆದರೆ ಕತೆ ಮುಗಿಯಿತು. ನಂಟು ಅನ್ನುವುದು ಭಾವನೆಯ ಪದ, ಕಟ್ಟಿದ್ದೆಲ್ಲ ಕುಸಿಯುತ್ತದೆ. ಪ್ರಾಸಕ್ಕಾಗಿ ತಂದ ಪದ ಹೀಗೆ ಅರ್ಥವನ್ನು ಎಳೆದುಕೊಂಡು ಹೋಗುವುದೇ ಈ ಪ್ರಕಾರದಲ್ಲಿ ಅತಿ ಹೆಚ್ಚು ಕಾಣುವ ರೋಗ.

ನಮ್ಮ ಊರಿನ ಮಾತಿನಲ್ಲಿ ಇನ್ನೊಂದು ಪದ ಇದೆ. ದಿನಾ ನೂರು ಸಲ ಬಾಯಲ್ಲಿ ಬರುವ ಪದ. ಉಂಟು.

ಏಳಕ್ಕೆ ಬೀಗ, ಒಂದಕ್ಕೆ ಅಮ್ಮ ಉಂಟು.

ಪಂಚ್ ಆದ ಮೇಲೆ ಪದ ಬರಬಾರದು ಅಂತ ಈಗಷ್ಟೇ ಹೇಳಿದೆನಲ್ಲ, ಮತ್ತೆ ಇದನ್ನು ಯಾಕೆ ತಂದೆ? ಇದು ಸುಮ್ಮನೆ ಬಾಲ ಹಿಡಿದು ಬಂದ ಕ್ರಿಯಾಪದ ಅಲ್ಲ ಅನ್ನುವ ಕಾರಣಕ್ಕೆ. ಮಂಗಳೂರು, ಉಡುಪಿ ಕಡೆಯ ಕನ್ನಡದಲ್ಲಿ ನಾವು ಸಾಮಾನ್ಯವಾಗಿ ವಸ್ತುಗಳಿಗೆ "ಉಂಟು" ಅನ್ನುತ್ತೇವೆ. ಬಸ್ ಉಂಟು, ಮೀನು ಉಂಟು, ಮೇಜಿನ ಮೇಲೆ ಪುಸ್ತಕ ಉಂಟು. ಮನುಷ್ಯರಿಗೆ "ಇದ್ದಾರೆ" ಅನ್ನುತ್ತೇವೆ. ತುಳುವಿನಲ್ಲೂ ವಸ್ತುವಿಗೆ "ಉಂಡು", ಜನರಿಗೆ "ಉಳ್ಳೆರ್". ಅಮ್ಮ ಎಲ್ಲಿ ಅಂತ ಕೇಳಿದರೆ ಯಾರೂ "ಒಳಗೆ ಉಂಟು" ಅನ್ನುವುದಿಲ್ಲ. "ಒಳಗೆ ಇದ್ದಾರೆ" ಅನ್ನುತ್ತಾರೆ. ಈಗ ಸಾಲನ್ನು ಮತ್ತೆ ಓದಿ. ಬೀಗ ಉಂಟು, ಸರಿ. ಅಮ್ಮ ಉಂಟು. ಕಿವಿಗೆ ಸಣ್ಣದಾಗಿ ಚುಚ್ಚಿತಲ್ಲ? "ಕ್ಕೆ" ಮಾಡಿದ ಕೆಲಸವನ್ನೇ "ಉಂಟು" ಇನ್ನೊಮ್ಮೆ, ಮೆಲ್ಲಗೆ ಮಾಡಿತು. ಅಮ್ಮನನ್ನು ವಸ್ತುಗಳ ಪಟ್ಟಿಗೆ ಸೇರಿಸಿತು.

ಇದಕ್ಕೊಂದು ಮಿತಿ ಇದೆ. ಮೈಸೂರು, ಧಾರವಾಡದ ಕಡೆಯವರಿಗೆ "ಉಂಟು" ಅಂದರೆ ಪುಸ್ತಕದ ಪದ, ಇಲ್ಲಾಂದ್ರೆ ಕರಾವಳಿಯವರ ಮಾತು. ವಸ್ತುವಿಗೆ ಒಂದು, ಮನುಷ್ಯರಿಗೆ ಒಂದು ಅನ್ನುವ ಈ ವ್ಯತ್ಯಾಸ ಅವರ ಕಿವಿಗೆ ಬೀಳಲಿಕ್ಕಿಲ್ಲ. ಅವರಿಗೆ "ಕ್ಕೆ"ಯ ತಿರುವು ಸಿಗುತ್ತದೆ, "ಉಂಟು"ವಿನ ಚುಚ್ಚು ಸಿಗುವುದಿಲ್ಲ. ಪರವಾಗಿಲ್ಲ. ಅದು ಸಿಗದಿದ್ದರೂ ಸಾಲು ಅರ್ಥವಾಗುತ್ತದೆ. ಊರಿನ ಪದ ಬಳಸುವಾಗ ನಾನು ನೋಡುವುದು ಇಷ್ಟೇ: ಗೊತ್ತಿಲ್ಲದವರಿಗೆ ಸಾಲು ಬಾಗಿಲು ಹಾಕಬಾರದು, ಗೊತ್ತಿದ್ದವರಿಗೆ ಒಂದಷ್ಟು ಜಾಸ್ತಿ ಕೊಡಬೇಕು.

ಎರಡನೇ ಸಾಲು ಕೂತಿತು. ಈಗ ಮೊದಲ ಸಾಲಿಗೆ ವಾಪಸ್ ಬರೋಣ. ಎರಡನೆಯದು ಸರಿಯಾದ ಮೇಲೆಯೇ ಮೊದಲನೆಯದನ್ನು ಬಿಗಿ ಮಾಡಬೇಕು. ಎಲ್ಲಿಗೆ ಹೋಗಬೇಕು ಅಂತ ಗೊತ್ತಾದ ಮೇಲೆ ತಾನೇ ಎಲ್ಲಿಂದ ಹೊರಡಬೇಕು ಅಂತ ತಿಳಿಯುವುದು.

ಇಲ್ಲಿ ಸ್ವಲ್ಪ ಮಾತ್ರೆ ಲೆಕ್ಕ ಬೇಕು. ಶಾಲೆಯಲ್ಲಿ ಕಲಿತದ್ದೇ. ಹ್ರಸ್ವ ಅಕ್ಷರಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಎರಡನೇ ಸಾಲನ್ನು ಲೆಕ್ಕ ಹಾಕಿ. ಏಳಕ್ಕೆ 5, ಬೀಗ 3, ಒಂದಕ್ಕೆ 5, ಅಮ್ಮ 3, ಉಂಟು 3. ಒಟ್ಟು 19. ಚಪ್ಪಾಳೆ ತಟ್ಟುತ್ತಾ ಓದಿದರೆ ಐದು ಮೂರು, ಐದು ಮೂರು, ಕೊನೆಗೆ ಮೂರು. ಇದನ್ನು ನಾವು ಬೇಕಂತ ಮಾಡಲಿಲ್ಲ, "ಕ್ಕೆ" ಎರಡು ಕಡೆ ಬಂದ ಕಾರಣ ತಾನಾಗಿ ಆಯಿತು. ಆದರೆ ಆದ ಮೇಲೆ ಬಿಡಬಾರದು. ಮೊದಲ ಸಾಲನ್ನೂ ಇದೇ ನಡೆಯಲ್ಲಿ ತರಬೇಕು. ಎರಡೂ ಸಾಲು ಒಂದೇ ಹೆಜ್ಜೆಯಲ್ಲಿ ನಡೆದರೆ ಬಾಯಿಗೆ ಕೂರುತ್ತದೆ, ಒಮ್ಮೆ ಕೇಳಿದವನು ಇನ್ನೊಬ್ಬನಿಗೆ ತಪ್ಪಿಲ್ಲದೆ ಹೇಳುತ್ತಾನೆ.

ಈಗ ಕೈಯಲ್ಲಿರುವ ಮೊದಲ ಸಾಲು "ಮಕ್ಕಳೆಲ್ಲ ಒಟ್ಟಿಗಿರಲೆಂದು ಎಂಟು ಕೋಣೆಯ ಮನೆ ಕಟ್ಟಿಸಿದರು". ಉದ್ದ ಜಾಸ್ತಿ. "ಒಟ್ಟಿಗಿರಲೆಂದು" ಹೋಗಲಿ. "ಮಕ್ಕಳಿಗೆ" ಅಂದರೆ ಆ ಅರ್ಥ ಬಂತು, ಐದು ಮಾತ್ರೆಯೂ ಆಯಿತು. "ಎಂಟು" ಸಾಲಿನ ಕೊನೆಗೆ ಬರಬೇಕು, ಪ್ರಾಸಕ್ಕೆ ಮಾತ್ರವಲ್ಲ, ಎರಡನೇ ಸಾಲು "ಏಳಕ್ಕೆ" ಅಂತ ಶುರುವಾಗುವ ಕಾರಣಕ್ಕೂ. ಎಂಟು, ಕೂಡಲೇ ಏಳು. ಕೇಳುವವನು ಒಂದು ಎಲ್ಲಿ ಹೋಯಿತು ಅಂತ ಲೆಕ್ಕ ಹಾಕಲು ಶುರು ಮಾಡುತ್ತಾನೆ.

ಮಕ್ಕಳಿಗೆ ಎಂದು ಕಟ್ಟಿಸಿದ ಮನೆ, ಕೋಣೆ ಎಂಟು.

"ಮನೆ" ಬೇಕಾ? ಎಂಟು ಕೋಣೆ ಕಟ್ಟಿಸಿದ್ದಾರೆ ಅಂದರೆ ಅದು ಮನೆಯೇ ತಾನೇ. ಈ ಪದವನ್ನು ತೆಗೆಯಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ. ಚುಟುಕ ಇರುವುದೇ ಮನೆಯ ಬಗ್ಗೆ ಅಲ್ವಾ ಅನ್ನುತ್ತಾರೆ. ಯಾವುದರ ಬಗ್ಗೆ ಬರೆಯುತ್ತೇವೋ ಆ ಪದವನ್ನೇ ತೆಗೆದು ನೋಡಿ ಅಂತ ನಾನು ಹೇಳುತ್ತೇನೆ. ತುಂಬಾ ಸಲ ಅದಿಲ್ಲದೆಯೇ ಸಾಲು ಗಟ್ಟಿಯಾಗುತ್ತದೆ. ಇಲ್ಲಿ ಅದು ಹೋದರೆ ಇನ್ನೂ ಒಂದು ಲಾಭ ಇದೆ. ಕೋಣೆಗಳು ಮಾತ್ರ ಉಳಿಯುತ್ತವೆ, ಅವೆಲ್ಲ ಸೇರಿ ಮನೆ ಆಗಲೇ ಇಲ್ಲ.

ಮಕ್ಕಳಿಗೆ ಎಂದು ಕಟ್ಟಿಸಿದ ಕೋಣೆ ಎಂಟು;
ಏಳಕ್ಕೆ ಬೀಗ, ಒಂದಕ್ಕೆ ಅಮ್ಮ ಉಂಟು.

ಐದು ಮೂರು, ಐದು ಮೂರು, ಮೂರು. ಎರಡೂ ಸಾಲು 19. ಮಾತ್ರೆ ಸರಿಯಾಯಿತು. ಇನ್ನು ಉಳಿದ ಹತ್ತು ಪದಗಳನ್ನು ಒಂದೊಂದಾಗಿ ಕೈಯಿಂದ ಮುಚ್ಚಿ ಓದಬೇಕು. ಯಾವುದನ್ನು ಮುಚ್ಚಿದರೂ ಅರ್ಥ ಕೆಡಬೇಕು. ಕೆಡದೆ ಇದ್ದರೆ ಆ ಪದ ದಂಡಕ್ಕೆ ಕೂತಿದೆ ಅಂತ ಅರ್ಥ. "ಮಕ್ಕಳಿಗೆ" ಮುಚ್ಚಿದರೆ ಕೆಡುತ್ತದೆ. "ಕಟ್ಟಿಸಿದ" ಮುಚ್ಚಿದರೆ ಕೆಡುತ್ತದೆ. "ಎಂದು" ಮುಚ್ಚಿ ನೋಡಿ. "ಮಕ್ಕಳಿಗೆ ಕಟ್ಟಿಸಿದ ಕೋಣೆ ಎಂಟು". ಏನೂ ಆಗಲಿಲ್ಲ. ಅದು ಮೂರು ಮಾತ್ರೆ ತುಂಬಲು ಕೂತಿದೆ.

ಹಾಗಂತ ತೆಗೆದರೆ ನಡೆ ಕುಂಟುತ್ತದೆ. ಹಾಗಾಗಿ ಮೂರು ಮಾತ್ರೆಯ, ನಿಜಕ್ಕೂ ದುಡಿಯುವ ಪದ ಬೇಕು. ಈ ಸಾಲಿನಲ್ಲಿ ಯಾರಿಲ್ಲ ಅಂತ ಕೇಳಿಕೊಳ್ಳೋಣ. ಕಟ್ಟಿಸಿದ್ದು ಯಾರು?

ಮಕ್ಕಳಿಗೆ ಅಪ್ಪ ಕಟ್ಟಿಸಿದ ಕೋಣೆ ಎಂಟು;
ಏಳಕ್ಕೆ ಬೀಗ, ಒಂದಕ್ಕೆ ಅಮ್ಮ ಉಂಟು.

ಅಪ್ಪ. ಎರಡು ಅಕ್ಷರ, ಮೂರು ಮಾತ್ರೆ. ಮೊದಲ ಸಾಲಿನಲ್ಲಿ ಅಪ್ಪ ಬಂದರು. ಎರಡನೇ ಸಾಲಿನಲ್ಲಿ ಕೋಣೆಗಳ ಲೆಕ್ಕ ಪೂರ್ತಿ ಮುಗಿಯಿತು, ಏಳು ಮತ್ತು ಒಂದು ಎಂಟು. ಅಪ್ಪನಿಗೆ ಅಲ್ಲಿ ಜಾಗವೇ ಇಲ್ಲ. ಅಪ್ಪ ತೀರಿಕೊಂಡರು ಅಂತ ನಾವು ಎಲ್ಲೂ ಬರೆದಿಲ್ಲ. ಎರಡು ಸಾಲುಗಳ ನಡುವೆ ಅದು ನಡೆದುಹೋಗಿದೆ. ಮೊದಲ ಸಲ ಕೇಳಿದವನಿಗೆ ಅಮ್ಮನ ತಿರುವು ತಾಗುತ್ತದೆ. ಎರಡನೇ ಸಲ ಕೇಳಿದಾಗ "ಅಪ್ಪ ಎಲ್ಲಿ?" ಅಂತ ಹೊಳೆಯುತ್ತದೆ. "ಅಪ್ಪ", "ಅಮ್ಮ" ಎರಡೂ ಒಂದೇ ತೂಕದ ಪದ, ಅದೂ ಕಿವಿಗೆ ಸಹಾಯ ಮಾಡುತ್ತದೆ. ದಂಡಕ್ಕೆ ಕೂತ ಪದದ ಜಾಗದಲ್ಲೇ ಹೆಚ್ಚಾಗಿ ಒಳ್ಳೆಯ ಪದ ಸಿಗುವುದು. ಅಲ್ಲಿ ಮಾತ್ರ ನಮಗೆ ಕೈಯಾಡಿಸಲು ಜಾಗ ಇರುತ್ತದೆ.

"ಮಕ್ಕಳಿಗೆ ಅಪ್ಪ" ಅನ್ನುವುದನ್ನು ಸಂಧಿ ಮಾಡಿ "ಮಕ್ಕಳಿಗಪ್ಪ" ಅಂತ ಬರೆಯಬೇಡಿ. ಒಂದು ಮಾತ್ರೆ ಹೋಗುತ್ತದೆ, ಅಪ್ಪನೂ ಮುಚ್ಚಿಹೋಗುತ್ತಾರೆ. "ಅಮ್ಮ ಉಂಟು" ಕೂಡ ಹಾಗೇ, "ಅಮ್ಮನುಂಟು" ಆಗಬಾರದು. ನಡುವಿನ ಆ ಸಣ್ಣ ನಿಲುಗಡೆ ಬೇಕು.

ಇನ್ನು ಪರೀಕ್ಷೆ. ತಿರುವು ಕೆಲಸ ಮಾಡುತ್ತದಾ ಅಂತ ಬರೆದವರಿಗೆ ಗೊತ್ತಾಗುವುದಿಲ್ಲ, ಯಾಕೆಂದರೆ ನಮಗೆ ಕೊನೆ ಮೊದಲೇ ಗೊತ್ತು. ಮೊದಲ ಸಾಲು ಮಾತ್ರ ಒಬ್ಬರಿಗೆ ಓದಿ, ಮುಂದೇನು ಬರಬಹುದು ಅಂತ ಕೇಳಿ. ಈ ಸಭೆಗೆ ಬರದ ಇಬ್ಬರಿಗೆ ಫೋನ್ ಮಾಡಿ ಇಲ್ಲೇ ಕೇಳಿದೆವು. ಒಬ್ಬರು "ಪಾಲಿಗೆ ಜಗಳ ಆಯ್ತಾ?" ಅಂದರು. ಇನ್ನೊಬ್ಬರು "ಸಾಲದ ಗಂಟು" ಅಂದರು. ಒಳ್ಳೆಯ ಲಕ್ಷಣ. ಇಬ್ಬರೂ ಒಂದು ದಾರಿ ಹಿಡಿದಿದ್ದಾರೆ, ಆ ದಾರಿ ನಮ್ಮದಲ್ಲ. ಅವರು "ಅಮ್ಮ ಒಬ್ಬಳೇ" ಅಂದಿದ್ದರೆ ಮೊದಲ ಸಾಲಿನಲ್ಲಿ ಎಲ್ಲೋ ಗುಟ್ಟು ಸೋರಿದೆ ಅಂತ ಲೆಕ್ಕ. ಸೋರುವ ಜಾಗಗಳು ಸಾಮಾನ್ಯವಾಗಿ ಎರಡು. ಒಂದು, "ಖಾಲಿ", "ಪಾಳು" ಥರದ ಪದ ಮೊದಲ ಸಾಲಿಗೇ ಬಂದಿರುತ್ತದೆ. ಇನ್ನೊಂದು, ತಲೆಬರಹ. ಈ ಚುಟುಕಕ್ಕೆ "ಒಂಟಿ ಅಮ್ಮ" ಅಂತ ಹೆಸರಿಟ್ಟರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಿಗೆ ಹೋದ ಹಾಗೆ. ಹೆಸರು ಇಡದಿದ್ದರೂ ನಡೆಯುತ್ತದೆ.

ಒಬ್ಬರು ಶ್ಲೇಷೆಯ ಬಗ್ಗೆ ಕೇಳಿದರು. ನಮ್ಮಲ್ಲಿ ಹನಿಗವನ ಅಂದರೆ ಶ್ಲೇಷೆ ಇರಲೇಬೇಕು ಅನ್ನುವ ಹಾಗಾಗಿದೆ. ಒಂದು ಉದಾಹರಣೆ ಹೇಳುತ್ತೇನೆ. ತುಳುವಿನಲ್ಲಿ "ಬಲೆ" ಅಂದರೆ ಬನ್ನಿ ಅಂತ ನಿಮಗೆ ಗೊತ್ತಲ್ಲ.

ಬಾಗಿಲಲ್ಲಿ ನಿಂತು ಕರೆದರು, "ಬಲೆ, ಬಲೆ";
ಬಿಲ್ಲು ಬಂದಾಗ ತಿಳಿಯಿತು: ಹೌದು, ಬಲೆ.

ನಗು ಬಂತು. ಶ್ಲೇಷೆಯ ಶಕ್ತಿ ಅದು, ತಕ್ಷಣ ನಗಿಸುತ್ತದೆ. ಇಲ್ಲಿ ಒಂದು ತುಂಬಾ ಮುಖ್ಯ ಕೆಲಸ ಏನೆಂದರೆ, "ತುಳುವಿನ ಬಲೆ", "ಕನ್ನಡದ ಬಲೆ" ಅಂತ ವಿವರಿಸದೆ ಬಿಟ್ಟದ್ದು. ವಿವರಿಸಿದರೆ ನಗು ಸಾಯುತ್ತದೆ, ವಿವರಿಸದಿದ್ದರೆ ತುಳು ಗೊತ್ತಿಲ್ಲದವರಿಗೆ ಸಾಲೇ ಇಲ್ಲ. ಮತ್ತೆ, ಇದನ್ನು ಎರಡನೇ ಸಲ ಹೇಳಿದರೆ ಮೊದಲಿನಷ್ಟು ನಗು ಬರುವುದಿಲ್ಲ, ಒಳಗೆ ನೋಡಲು ಇನ್ನೇನೂ ಇಲ್ಲ. ನನಗೆ ಶ್ಲೇಷೆ ಇಷ್ಟ. ಆದರೆ ಪದದ ಮೇಲೆ ತಿರುಗುವ ಚುಟುಕಕ್ಕಿಂತ ವಿಷಯದ ಮೇಲೆ ತಿರುಗುವ ಚುಟುಕ ಹೆಚ್ಚು ದಿನ ಬಾಳುತ್ತದೆ ಅಂತ ನನ್ನ ಅನುಭವ.

ಇನ್ನೊಬ್ಬರ ಪ್ರಶ್ನೆ: "ಸರ್, ಎಂಟು ಕೋಣೆ ಜಾಸ್ತಿ ಆಗಲಿಲ್ವಾ? ಪ್ರಾಸಕ್ಕೆ ಅಂತ ಹಾಕಿದ ಹಾಗಿದೆ." ನ್ಯಾಯವಾದ ಅನುಮಾನ. ಸಂಖ್ಯೆ ನಂಬುವ ಹಾಗಿರಬೇಕು. ಹದಿನೆಂಟು ಅಂದರೆ ಪ್ರಾಸ ಕೂತರೂ ಅದು ಅರಮನೆ. ಕೆಳಗೆ ನಾಲ್ಕು, ಮಹಡಿಯಲ್ಲಿ ನಾಲ್ಕು, ಇಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪ್ರಾಸಕ್ಕೆ ಬಂದ ಪದ ನಿಜವೂ ಆಗಿದ್ದರೆ ಇರಲಿ ಬಿಡಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, ಇದನ್ನು ಇನ್ನೂ ಬಿಗಿ ಮಾಡಬಹುದಲ್ವಾ ಅಂದ. ಹಲಗೆಯ ಹತ್ತಿರ ಬಂದು ಬರೆದ:

ಕೋಣೆ ಎಂಟು.
ಬೀಗ ಏಳು, ಅಮ್ಮ ಒಂದು.

ಸಭೆ ಚಪ್ಪಾಳೆ ತಟ್ಟಿತು. ಆರೇ ಪದ. ಮೊದಲು ಕೇಳಿದಾಗ ನನಗೂ ಖುಷಿಯಾಯಿತು. ಆಮೇಲೆ ಇಬ್ಬರೂ ನಿಂತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಅವನದರಲ್ಲಿ ಅಪ್ಪ ಇಲ್ಲ, ಮಕ್ಕಳು ಇಲ್ಲ. ಯಾರಿಗಾಗಿ ಕಟ್ಟಿಸಿದ್ದು ಅಂತ ಗೊತ್ತಾಗದಿದ್ದರೆ ಬೀಗ ಯಾಕೆ ನೋವು ಕೊಡಬೇಕು? ಅದು ಬಾಡಿಗೆ ಕಟ್ಟಡವೂ ಆಗಿರಬಹುದು. "ಅಮ್ಮ ಒಂದು" ಅನ್ನುವುದು "ಅಮ್ಮ ಉಂಟು" ಮಾಡುವ ಕೆಲಸವನ್ನೇ ಮಾಡುತ್ತದೆ, ಆದರೆ ಕೂಗಿ ಮಾಡುತ್ತದೆ. ಕನ್ನಡದಲ್ಲಿ ಯಾರೂ ಹಾಗೆ ಹೇಳುವುದಿಲ್ಲವಾದ್ದರಿಂದ ಬರೆದವನು ಬೇಕಂತ ಮಾಡಿದ್ದು ಅಂತ ಕೂಡಲೇ ತಿಳಿಯುತ್ತದೆ. ಪದ ಕಡಿಮೆ ಮಾಡುವುದನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವನು ಕೇಳಿದ. ಮೊದಲ ಸಾಲು ಕೇಳಿದವನು ಯಾವ ದಾರಿಯನ್ನೂ ಹಿಡಿಯದೆ ನಿಂತುಬಿಟ್ಟರೆ ಜಾಸ್ತಿ ಕತ್ತರಿಸಿದ್ದೇವೆ ಅಂತ ಅರ್ಥ, ಯಾಕೆಂದರೆ ಹೊರಡದವನನ್ನು ತಿರುಗಿಸಲು ಆಗುವುದಿಲ್ಲ, ಅಂದೆ. ಅವನು ತನ್ನ ಮೊದಲ ಸಾಲಿಗೆ "ಮಕ್ಕಳಿಗೆ" ಅನ್ನುವ ಒಂದು ಪದವನ್ನು ಮಾತ್ರ ವಾಪಸ್ ಸೇರಿಸಿ ಓದಿದ. ಆ ರೂಪವೂ ಕೆಟ್ಟದಿರಲಿಲ್ಲ. ಅದನ್ನು ಒರೆಸದೆ ಹಲಗೆಯಲ್ಲೇ ಬಿಟ್ಟು ಚಹಾಕ್ಕೆ ಎದ್ದೆವು.